ಜಲಮೂಲಗಳ ಅಗಲ ಪಟ್ಟಿಯಿಂದ ಒಂದೊಂದು ಮೂಲಕ್ಕೆ ಒಂದು ಕಾರ್ಡು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಗ್ರಾಮಗಳಲ್ಲಿ ಕುಡಿಯುವ ನೀರು ಬಹುಮಟ್ಟಿಗೆ ಗಟ್ಟಿ ಶಿಲೆಯಲ್ಲಿ ಕೊರೆದ ಆಳವಾದ ಕೊಳವೆಬಾವಿಗಳಿಂದ ಬರುತ್ತದೆ. ಶಿಲೆಯಲ್ಲಿರುವ ಖನಿಜಗಳಿಂದ ಫ್ಲೋರೈಡ್ ನೀರಿಗೆ ಕರಗಿ ಸೇರುತ್ತದೆ. ಚರಂಡಿ, ತಿಪ್ಪೆ ಮತ್ತು ಗೊಬ್ಬರದಿಂದ ನೈಟ್ರೇಟ್ ಇಳಿಯುತ್ತದೆ. ಇವೆರಡನ್ನೂ ಕಣ್ಣಿನಿಂದಾಗಲಿ ನಾಲಿಗೆಯಿಂದಾಗಲಿ ತಿಳಿಯಲಾಗದು. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಆದುದರಿಂದ ಪ್ರಯೋಗಾಲಯದ ವರದಿಯೊಂದೇ ಆಧಾರ.

ಆ ವರದಿಗಳು ಪಂಚಾಯಿತಿ ಕಚೇರಿಯಲ್ಲಿ ಸಾಮಾನ್ಯವಾಗಿ ಒಂದು ಅಗಲವಾದ ಎಕ್ಸೆಲ್ ಪಟ್ಟಿಯಾಗಿ ಉಳಿಯುತ್ತವೆ. ಪ್ರತಿ ಜಲಮೂಲಕ್ಕೆ ಒಂದು ಸಾಲು, ಪ್ರತಿ ಪರೀಕ್ಷೆಗೆ ಒಂದು ಕಾಲಂ. ಇಂತಹ ಪಟ್ಟಿಯನ್ನು ಮುದ್ರಿಸಿದರೆ ಅಕ್ಷರ ಇರುವೆಯಷ್ಟಾಗುತ್ತದೆ, ಇಲ್ಲವೇ ಕಾಲಂಗಳು ಎರಡು ಮೂರು ಹಾಳೆಗಳಿಗೆ ಹರಿದು ಹಂಚಿಹೋಗುತ್ತವೆ. ನೀರುಗಂಟಿಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೂ ಬೇಕಾದುದು ಬೇರೆ: ತಮ್ಮ ಬೀದಿಯ ಕೊಳವೆಬಾವಿಯ ವಿವರವಷ್ಟೇ ಇರುವ, ಪಂಪ್‌ಹೌಸಿನ ಗೋಡೆಗೆ ಅಂಟಿಸಬಹುದಾದ ಒಂದು ಕಾರ್ಡು. ಪಟ್ಟಿಯ ಒಂದು ಸಾಲನ್ನು ಒಂದು ಕಾರ್ಡಾಗಿಸುವ ಕೆಲಸವನ್ನು ವರ್ಡ್ ತಂತ್ರಾಂಶದ ಮೇಲ್ ಮರ್ಜ್ ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ. ಅದನ್ನು ಡೇಟಾ ಎಂಟ್ರಿ ಆಪರೇಟರ್ ನಿರ್ವಹಿಸುವರು. ಆದರೆ ಕಾರ್ಡು ಗೋಡೆಗೇರುವ ಮುನ್ನ ಸದಸ್ಯರು ಏನನ್ನು ಪರಿಶೀಲಿಸಬೇಕೆಂಬುದು ಕೆಲಸದ ಒಳಗನ್ನು ಅರಿತಾಗ ಮಾತ್ರ ತಿಳಿಯುತ್ತದೆ.

ಉದಾಹರಣೆಗಾಗಿ ಮೂವತ್ತೆಂಟು ಜಲಮೂಲಗಳಿರುವ ಒಂದು ಗ್ರಾಮ ಪಂಚಾಯಿತಿಯನ್ನು ಊಹಿಸಿಕೊಳ್ಳಬಹುದು. ಪಟ್ಟಿಯಲ್ಲಿ ಹದಿನೇಳು ಕಾಲಂಗಳಿವೆ: ಮೂಲದ ಸಂಖ್ಯೆ, ಗ್ರಾಮ, ಸ್ಥಳ, ಮಾದರಿ ತೆಗೆದ ದಿನಾಂಕ, ಪ್ರಯೋಗಾಲಯ, ನಂತರ ಒಂದೊಂದು ಪರೀಕ್ಷೆಯ ಫಲಿತಾಂಶ. ಫ್ಲೋರೈಡ್ H ಕಾಲಂನಲ್ಲಿದೆ. ಈ ಹಾಳೆಗೆ Raw ಎಂದು ಹೆಸರಿಡಲಾಗಿದೆ. ಮೊದಲ ಸಾಲಿನಲ್ಲಿ ಶೀರ್ಷಿಕೆಗಳು ಮಾತ್ರ ಇರಬೇಕು. ಅದರ ಮೇಲೆ ಪಂಚಾಯಿತಿಯ ಹೆಸರನ್ನು ದೊಡ್ಡದಾಗಿ ಬರೆದು ಕೋಶಗಳನ್ನು ಒಂದುಗೂಡಿಸಿದ್ದರೆ ಅದನ್ನು ತೆಗೆಯಬೇಕು, ಏಕೆಂದರೆ ವರ್ಡ್ ಮೊದಲ ಸಾಲನ್ನೇ ಶೀರ್ಷಿಕೆಯೆಂದು ಓದುತ್ತದೆ. ಗ್ರಾಮದ ಹೆಸರನ್ನು ಮೊದಲ ಸಾಲಿನಲ್ಲಿ ಮಾತ್ರ ಬರೆದು ಕೆಳಗೆ ಖಾಲಿ ಬಿಡುವ ಅಭ್ಯಾಸವೂ ಇಲ್ಲಿ ಸಲ್ಲದು. ಪಟ್ಟಿಯಲ್ಲಿ ಮೇಲಿನ ಸಾಲನ್ನು ನೋಡಿ ಅರ್ಥ ಮಾಡಿಕೊಳ್ಳಬಹುದು. ಕಾರ್ಡಿಗೆ ಮೇಲಿನ ಸಾಲು ಇರುವುದಿಲ್ಲ.

ಇದೇ ಕಾರಣಕ್ಕೆ ಖಾಲಿ ಕೋಶ ಅಪಾಯಕಾರಿ. ಉದಾಹರಣೆಯ ಪಟ್ಟಿಯಲ್ಲಿ ಐದು ಮೂಲಗಳ ಫ್ಲೋರೈಡ್ ಪರೀಕ್ಷೆ ಆಗಿಲ್ಲ, ಆ ಕೋಶಗಳು ಖಾಲಿ ಇವೆ ಎಂದಿಟ್ಟುಕೊಳ್ಳೋಣ. ಆಪರೇಟರ್ ಕಾರ್ಡಿಗೆಂದು ಬೇರೊಂದು ಹಾಳೆ ಮಾಡಿ `=Raw!H2` ಎಂದು ಬರೆದರೆ ಎಕ್ಸೆಲ್ ಖಾಲಿ ಕೋಶವನ್ನು ಸೊನ್ನೆ ಎಂದು ತೋರಿಸುತ್ತದೆ. ಅಂದರೆ ಪರೀಕ್ಷೆಯೇ ಆಗದ ಬಾವಿ ಊರಿನ ಅತ್ಯುತ್ತಮ ಬಾವಿಯಾಗಿ ಮುದ್ರಣವಾಗುತ್ತದೆ. `=IF(Raw!H2>1.5,"ಕುಡಿಯಲು ಬಳಸಬಾರದು","ಮಿತಿಯೊಳಗೆ")` ಎಂಬ ಸರಳ ಸೂತ್ರವೂ ಖಾಲಿ ಕೋಶವನ್ನು ಸೊನ್ನೆಯೆಂದೇ ಎಣಿಸಿ "ಮಿತಿಯೊಳಗೆ" ಎಂದು ಹೇಳಿಬಿಡುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಪತ್ತೆ ಮಿತಿಗಿಂತ ಕಡಿಮೆ ಎಂಬ ಅರ್ಥದಲ್ಲಿ ವರದಿಯಲ್ಲಿ BDL ಎಂದಿದ್ದರೆ, ಎಕ್ಸೆಲ್ ಅಕ್ಷರವನ್ನು ಯಾವ ಅಂಕಿಗಿಂತಲೂ ದೊಡ್ಡದೆಂದು ಭಾವಿಸುತ್ತದೆ; ಒಳ್ಳೆಯ ನೀರು "ಬಳಸಬಾರದು" ಎನಿಸಿಕೊಳ್ಳುತ್ತದೆ.

ಖಾಲಿ ಕೋಶದಲ್ಲಿ "ಪರೀಕ್ಷೆ ಆಗಿಲ್ಲ" ಎಂದು ಕೈಯಿಂದಲೇ ತುಂಬಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಮೇಲ್ ಮರ್ಜ್ ಮಾಡುವಾಗ ವರ್ಡ್ ಕಾಲಂನ ಮೊದಲ ಕೆಲವು ಸಾಲುಗಳನ್ನು ನೋಡಿ, ಇದು ಅಂಕಿಯ ಕಾಲಂ ಅಥವಾ ಅಕ್ಷರದ ಕಾಲಂ ಎಂದು ತೀರ್ಮಾನಿಸುತ್ತದೆ. ಅಂಕಿಯದೆಂದು ತೀರ್ಮಾನವಾದ ಬಳಿಕ ಅದರೊಳಗೆ ಬರುವ ಅಕ್ಷರಗಳು ಕಾರ್ಡಿನಲ್ಲಿ ಸೊನ್ನೆಯಾಗಿ ಅಥವಾ ಖಾಲಿಯಾಗಿ ಬರಬಹುದು. ಜೊತೆಗೆ ಪಟ್ಟಿಯಲ್ಲಿ 1.1 ಎಂದು ಕಾಣುವ ಅಂಕಿ ಕಾರ್ಡಿನಲ್ಲಿ 1.1000000000000001 ಎಂದು ಉದ್ದವಾಗುವುದುಂಟು. ದಿನಾಂಕದಲ್ಲಿ ತಿಂಗಳು ಮುಂದೆ, ದಿನ ಹಿಂದೆ ಆಗುವುದುಂಟು. ಏಪ್ರಿಲ್ 3 ಮಾರ್ಚ್ 4 ಆಗಿ ಓದಿಸಿಕೊಂಡರೆ ಯಾರಿಗೂ ಅನುಮಾನ ಬಾರದು.

ಈ ಎಲ್ಲ ತೊಡಕುಗಳಿಗೆ ಪರಿಹಾರ ಒಂದೇ. ಮೂಲ ಪಟ್ಟಿಯನ್ನು ಮುಟ್ಟದೆ, Card ಎಂಬ ಎರಡನೆಯ ಹಾಳೆಯಲ್ಲಿ ಪ್ರತಿ ಕೋಶವನ್ನೂ ಸೂತ್ರದ ಮೂಲಕ ಅಕ್ಷರವಾಗಿ ಪರಿವರ್ತಿಸಿ, ವರ್ಡ್ ಆ ಹಾಳೆಯನ್ನು ಮಾತ್ರ ಓದುವಂತೆ ಮಾಡುವುದು. ಫ್ಲೋರೈಡ್ ಪ್ರಮಾಣಕ್ಕೆ ಸೂತ್ರ ಹೀಗಿರುತ್ತದೆ:

```
=IF(Raw!H2="","ಪರೀಕ್ಷೆ ಆಗಿಲ್ಲ",IF(ISNUMBER(Raw!H2),
 TEXT(Raw!H2,"0.00"),Raw!H2))
```

ಕೋಶ ಖಾಲಿ ಇದ್ದರೆ ಹಾಗೆಂದೇ ಹೇಳು, ಅಂಕಿ ಇದ್ದರೆ ಎರಡು ದಶಾಂಶಗಳೊಂದಿಗೆ ಬರೆ, ಅಕ್ಷರವಿದ್ದರೆ ಇದ್ದಂತೆಯೇ ಬರೆ ಎಂಬುದು ಇದರ ಅರ್ಥ. ದಿನಾಂಕಕ್ಕೆ `=TEXT(Raw!D2,"dd-mm-yyyy")` ಸಾಕು. ದಿನಾಂಕ ಬರೆಯದ ಸಾಲಿನಲ್ಲಿ ಈ ಸೂತ್ರ 00-01-1900 ಎಂದು ತೋರಿಸುತ್ತದೆ. ಇದನ್ನು ದೋಷವೆನ್ನುವುದಕ್ಕಿಂತ ಉಪಕಾರವೆನ್ನಬೇಕು, ಅಂತಹ ಕಾರ್ಡು ತಾನಾಗಿಯೇ ಸಿಕ್ಕಿಬೀಳುತ್ತದೆ.

ದಶಾಂಶ ಎರಡೇ ಏಕೆ ಎಂಬುದಕ್ಕೂ ಕಾರಣವಿದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದ ಸಂದರ್ಭದಲ್ಲಿ ಅನುಮತಿಸುವ ಮಿತಿ 1.5. ವರದಿಯಲ್ಲಿ 1.54 ಇದ್ದು, ಕಾರ್ಡಿನಲ್ಲಿ ಒಂದೇ ದಶಾಂಶ ಮುದ್ರಿಸಿದರೆ ಅದು 1.5 ಆಗಿ ಮಿತಿಯೊಳಗೆ ಬಂದಂತೆ ಕಾಣುತ್ತದೆ. ಆದ ಕಾರಣ ತೀರ್ಮಾನದ ವಾಕ್ಯವನ್ನು ಮೂಲ ಅಂಕಿಯಿಂದಲೇ ತೆಗೆಯಬೇಕು, ಕಾರ್ಡಿಗಾಗಿ ಕತ್ತರಿಸಿದ ಅಂಕಿಯಿಂದಲ್ಲ:

```
=IF(Raw!H2="","ಪರೀಕ್ಷೆ ಆಗಿಲ್ಲ",
 IF(NOT(ISNUMBER(Raw!H2)),"ವರದಿ ನೋಡಿ",
 IF(Raw!H2>1.5,"ಕುಡಿಯಲು ಬಳಸಬಾರದು",
 IF(Raw!H2>1,"ಬೇರೆ ಮೂಲ ಇಲ್ಲದಿದ್ದರೆ ಮಾತ್ರ",
 "ಮಿತಿಯೊಳಗೆ"))))
```

"ವರದಿ ನೋಡಿ" ಎಂದು ಬಂದ ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಕೆಲವು BDL ಆಗಿರುತ್ತವೆ. ಇನ್ನು ಕೆಲವು 1.8 ಎಂಬ ಅಂಕಿಯೇ ಆಗಿದ್ದು, ಹಿಂದೆ ಒಂದು ಖಾಲಿ ಜಾಗ ಸೇರಿಕೊಂಡಿದ್ದರಿಂದ ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿದಿರುತ್ತದೆ. ಅಂತಹ ಅಂಕಿ ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ, ನಿಜವಾದ ಅಂಕಿ ಬಲಕ್ಕೆ ನಿಲ್ಲುತ್ತದೆ. ನೈಟ್ರೇಟಿಗೆ ಇದೇ ಸೂತ್ರವನ್ನು 45 ಮಿಲಿಗ್ರಾಂ ಎಂಬ ಒಂದೇ ಮಿತಿಯೊಂದಿಗೆ ಬಳಸಬಹುದು, ಮಾನಕ ಅಲ್ಲಿ ಸಡಿಲಿಕೆ ನೀಡಿಲ್ಲ. ಕ್ಷೇತ್ರ ಪರೀಕ್ಷಾ ಕಿಟ್‌ನ ಫಲಿತಾಂಶವನ್ನು ಪ್ರಯೋಗಾಲಯದ ಕಾಲಂನಲ್ಲಿ ಬೆರೆಸಕೂಡದು. ಬಣ್ಣ ಹೋಲಿಸಿ ಅಂದಾಜಿಸಿದ 1.5ನ್ನು 1.50 ಎಂದು ಮುದ್ರಿಸಿದರೆ ಇಲ್ಲದ ನಿಖರತೆಯನ್ನು ಆರೋಪಿಸಿದಂತಾಗುತ್ತದೆ.

ಇನ್ನು ವರ್ಡ್‌ನ ಕೆಲಸ. ಎಕ್ಸೆಲ್ ಕಡತವನ್ನು ಉಳಿಸಿ ಮುಚ್ಚಬೇಕು. ವರ್ಡ್‌ನಲ್ಲಿ ಎ5 ಅಳತೆಯ ಹೊಸ ಪುಟ ತೆರೆದು, Mailings ಅಡಿಯಲ್ಲಿ Start Mail Merge, ಅದರಲ್ಲಿ Letters ಆರಿಸಬೇಕು. Select Recipients ಮೂಲಕ ಎಕ್ಸೆಲ್ ಕಡತವನ್ನೂ Card ಹಾಳೆಯನ್ನೂ ತೋರಿಸಬೇಕು. ನಂತರ ಕಾರ್ಡಿನ ಸ್ಥಿರ ಬರಹವನ್ನು ಬರೆದು, ಬದಲಾಗುವ ಜಾಗದಲ್ಲಿ Insert Merge Field ಬಳಸಬೇಕು. "ಫ್ಲೋರೈಡ್, ಲೀಟರಿಗೆ ಮಿಲಿಗ್ರಾಂ, ಮಿತಿ 1.5" ಎಂಬ ಮಾತು ಪ್ರತಿ ಕಾರ್ಡಿನಲ್ಲೂ ಇರಲೇಬೇಕು. ಪಟ್ಟಿಯಲ್ಲಿ ಘಟಕ ಮತ್ತು ಮಿತಿ ಶೀರ್ಷಿಕೆಯಲ್ಲಿ ಒಮ್ಮೆ ಇದ್ದರೆ ಸಾಕಾಗುತ್ತಿತ್ತು, ಕಾರ್ಡು ಅದನ್ನು ತನ್ನೊಡನೆ ಹೊತ್ತು ಹೋಗಬೇಕಾಗುತ್ತದೆ. ಕೊನೆಗೆ Finish & Merge ಒಳಗಿನ Edit Individual Documents ಒತ್ತಿದರೆ ಮೂವತ್ತೆಂಟು ಪುಟಗಳ ಹೊಸ ಕಡತ ತೆರೆಯುತ್ತದೆ. ನೇರವಾಗಿ ಪ್ರಿಂಟರಿಗೆ ಕಳುಹಿಸುವ ಆಯ್ಕೆಯನ್ನು ಬಳಸದಿರುವುದು ಲೇಸು, ಏಕೆಂದರೆ ಪರಿಶೀಲನೆಗೆ ಅವಕಾಶ ಉಳಿಯುವುದಿಲ್ಲ. ಹಳೆಯ ನುಡಿ ಅಕ್ಷರದಲ್ಲಿ ಟೈಪಾದ ಗ್ರಾಮದ ಹೆಸರುಗಳು ಇಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ, ಅವನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಒಂದೇ ಗ್ರಾಮದ ಕಾರ್ಡು ಬೇಕಾದಾಗ ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಿ ಉಳಿದ ಸಾಲುಗಳನ್ನು ಮರೆಮಾಡಿದರೆ ಪ್ರಯೋಜನವಾಗದು. ಮರೆಯಾದ ಸಾಲುಗಳನ್ನೂ ವರ್ಡ್ ಓದುತ್ತದೆ. ವರ್ಡ್‌ನ Edit Recipient List ಒಳಗೇ ಆಯ್ಕೆ ಮಾಡಬೇಕು.

ಮುದ್ರಣಕ್ಕೆ ಮುನ್ನ ಸದಸ್ಯರ ಪರಿಶೀಲನೆ. ಮೊದಲು ಕಾರ್ಡುಗಳನ್ನು ಎಣಿಸಬೇಕು: ಮೂವತ್ತೆಂಟು ಮೂಲಕ್ಕೆ ಮೂವತ್ತೆಂಟು. ನಲವತ್ತು ಬಂದಿದ್ದರೆ Card ಹಾಳೆಯ ಸೂತ್ರವನ್ನು ಎರಡು ಸಾಲು ಹೆಚ್ಚು ಎಳೆಯಲಾಗಿದೆ ಎಂದರ್ಥ. ಬಳಿಕ ಮೊದಲಿನ, ಕೊನೆಯ ಮತ್ತು ನಡುವಿನ ಮೂರು ಕಾರ್ಡುಗಳನ್ನು ತೆಗೆದು ಪ್ರಯೋಗಾಲಯದ ಮೂಲ ವರದಿಯೊಡನೆ ಹೋಲಿಸಬೇಕು. ಎಕ್ಸೆಲ್ ಪಟ್ಟಿಯೊಡನೆ ಹೋಲಿಸಿದರೆ ಫಲವಿಲ್ಲ. ಎಂದೋ ಒಮ್ಮೆ ಗ್ರಾಮದ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿ, ಉಳಿದ ಕಾಲಂಗಳು ಇದ್ದಲ್ಲೇ ಉಳಿದಿದ್ದರೆ, ಪಟ್ಟಿಯೂ ಕಾರ್ಡೂ ಒಂದೇ ತಪ್ಪನ್ನು ಒಂದೇ ರೀತಿ ಹೇಳುತ್ತವೆ. ಪ್ರಯೋಗಾಲಯದ ಕಾಗದ ಮಾತ್ರ ಬೇರೆ ಹೇಳುತ್ತದೆ. "ಬಳಸಬಾರದು" ಎಂದು ಬಂದ ಕಾರ್ಡುಗಳನ್ನಂತೂ ಒಂದನ್ನೂ ಬಿಡದೆ ಹೋಲಿಸಬೇಕು.

ಅಂಟಿಸುವಾಗ ಕಾರ್ಡಿನ ಮೂಲ ಸಂಖ್ಯೆಯನ್ನು ಪಂಪ್‌ಹೌಸಿನ ಮೇಲೆ ಬರೆದಿರುವ ಸಂಖ್ಯೆಯೊಡನೆ ನೀರುಗಂಟಿ ತಾಳೆ ನೋಡುವುದು ಅಗತ್ಯ. "ಶಾಲೆಯ ಹಿಂದೆ" ಎಂಬ ಸ್ಥಳ ವಿವರಣೆ ಎರಡು ಬಾವಿಗಳಿಗೂ ಹೊಂದಬಹುದು. ಬತ್ತಿದ ಬಾವಿಯ ಪಕ್ಕದಲ್ಲಿ ಹೊಸದನ್ನು ಕೊರೆದಾಗ ಹಳೆಯ ಸಾಲಿನ ಮೇಲೆಯೇ ತಿದ್ದದೆ, ಹೊಸ ಸಂಖ್ಯೆಯೊಂದಿಗೆ ಹೊಸ ಸಾಲು ಸೇರಿಸಬೇಕು. ಅದರ ನೀರಿನ ವರದಿ ಬರುವವರೆಗೆ ಹೊಸ ಕಾರ್ಡಿನಲ್ಲಿ "ಪರೀಕ್ಷೆ ಆಗಿಲ್ಲ" ಎಂದೇ ಇರತಕ್ಕದ್ದು, ಹಳೆಯ ಕಾರ್ಡನ್ನು ಅದೇ ದಿನ ಗೋಡೆಯಿಂದ ತೆಗೆಯತಕ್ಕದ್ದು.