ಮ್ಯಾಕ್ ಪಾಸ್‌ವರ್ಡ್ ಮರೆತಾಗ: ಮಾಡಬೇಕಾದ್ದು, ಮಾಡಬಾರದ್ದು

ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನ ಕಚೇರಿಗಳಲ್ಲಿ ಮ್ಯಾಕ್ ಬಳಸುವ ಕನ್ನಡಿಗರಿಗೆ

ಮ್ಯಾಕ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಲಾಗಿನ್ ಕೀಚೈನ್ ಎಂಬ ಪೆಟ್ಟಿಗೆಯಲ್ಲಿರುತ್ತವೆ. ಆ ಪೆಟ್ಟಿಗೆಗೆ ಬೀಗದ ಕೈ ನಿಮ್ಮ ಲಾಗಿನ್ ಪಾಸ್‌ವರ್ಡೇ. ಹಳೆಯದನ್ನು ಟೈಪಿಸಿ ಹೊಸದಕ್ಕೆ ಬದಲಿಸಿದರೆ ಬೀಗವೂ ಜೊತೆಗೇ ಬದಲಾಗುತ್ತದೆ. ಮರೆತು ರೀಸೆಟ್ ಮಾಡಿಸಿದರೆ ಬದಲಾಗುವುದಿಲ್ಲ. ಮ್ಯಾಕ್ ತೆರೆಯುತ್ತದೆ, ಪೆಟ್ಟಿಗೆ ತೆರೆಯುವುದಿಲ್ಲ. ಹಳೆಯ ಪಾಸ್‌ವರ್ಡ್ ಇಲ್ಲದೆ ಅದನ್ನು ನಿಮ್ಮ ಐಟಿಯವರೂ ತೆರೆಯಲಾರರು, ಆಪಲ್ ಕಂಪನಿಯೂ ತೆರೆಯಲಾರದು.

ಮಾಡಬೇಕಾದ್ದು

*ಪರದೆ ಇನ್ನೂ ಬೆರಳಚ್ಚಿಗೆ ತೆರೆಯುತ್ತಿದ್ದರೆ*

ಚಾರ್ಜರ್ ಹಾಕಿ.

Passwords ಆ್ಯಪ್ ತೆರೆದು, ಬೆರಳಿಟ್ಟು, ಬ್ಯಾಂಕು, ಜಿಎಸ್‌ಟಿ, ಮೇಲ್ ಪಾಸ್‌ವರ್ಡ್‌ಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಕ್ರೋಮ್‌ನಲ್ಲಿ ಉಳಿಸಿದ್ದನ್ನು ಕ್ರೋಮ್‌ನಲ್ಲೇ ನೋಡಿ ಬರೆದುಕೊಳ್ಳಿ.

ಇದನ್ನು ಈಗಲೇ ಮಾಡಿ. ಮ್ಯಾಕ್ ಒಮ್ಮೆ ಆಫ್ ಆಗಿ ಆನ್ ಆದರೆ ಬೆರಳಚ್ಚು ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. 48 ಗಂಟೆ ತೆರೆಯದೆ ಬಿಟ್ಟರೂ ಅಷ್ಟೆ, ಬೆರಳು 5 ಸಲ ತಪ್ಪಿದರೂ ಅಷ್ಟೆ.

*ಪರದೆ ಮುಚ್ಚಿಹೋಗಿದ್ದರೆ*

ಕ್ಯಾಪ್ಸ್ ಲಾಕ್ ನೋಡಿ.

ಲಾಗಿನ್ ಪರದೆಯಲ್ಲಿ ಯಾವ ಕೀಬೋರ್ಡ್ ಭಾಷೆ ಇದೆ ಎಂದು ನೋಡಿ. ಬ್ರಿಟಿಷ್ ವಿನ್ಯಾಸಕ್ಕೆ ಹೋಗಿದ್ದರೆ Shift ಜೊತೆ 3 ಒತ್ತಿದಾಗ # ಬರುವುದಿಲ್ಲ, £ ಬರುತ್ತದೆ. ಪಾಸ್‌ವರ್ಡ್ ಸರಿಯೇ ಇದ್ದು ಕೀಲಿ ತಪ್ಪಾಗಿರುವುದು ಅಪರೂಪವಲ್ಲ.

ಹತ್ತು ನಿಮಿಷ ಕೈಬಿಟ್ಟು ನೆನಪಿಸಿಕೊಳ್ಳಿ. ಹಳೆಯ ಪಾಸ್‌ವರ್ಡ್ ನೆನಪಾದರೆ ಈ ಸೂಚನೆಯ ಉಳಿದ ಭಾಗ ನಿಮಗೆ ಬೇಕಿಲ್ಲ.

ನೆನಪಾಗದಿದ್ದರೆ ಮೊದಲು ನಿಮ್ಮ ಐಟಿ ವಿಭಾಗಕ್ಕೆ ಫೋನ್ ಮಾಡಿ. ಕಂಪನಿಯ ಮ್ಯಾಕ್ ಆಗಿದ್ದರೆ ಫೈಲ್‌ವಾಲ್ಟ್ ರಿಕವರಿ ಕೀ ಅವರ ಬಳಿ ಇರಬಹುದು. ನಾಲ್ಕು ನಾಲ್ಕು ಅಕ್ಷರಗಳ ಆರು ಗುಂಪಾಗಿ ಬರೆದಿರುವುದೇ ಅದು. ಆಪಲ್ ಖಾತೆಗೆ ಪ್ರತ್ಯೇಕವಾಗಿ ಕೊಡುವ ರಿಕವರಿ ಕೀ ಬೇರೆ. ಅದು ಇಲ್ಲಿ ನಡೆಯದು.

ಸ್ವಂತ ಮ್ಯಾಕ್ ಆಗಿದ್ದರೆ ಆಪಲ್ ಖಾತೆಗೆ ಜೋಡಿಸಿದ ಫೋನ್ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಗೋವೆಗೆ ಬಂದ ಮೇಲೆ ಇಲ್ಲಿಯ ಸಿಮ್ ಹಾಕಿಕೊಂಡು, ಊರಿನ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟವರು ಬಹಳ ಜನ. ದೃಢೀಕರಣದ ಕೋಡ್ ಆ ಊರಿನ ಸಂಖ್ಯೆಗೇ ಹೋಗಿ ಕೂರುತ್ತದೆ. ಮೊದಲು ಅದಕ್ಕೆ ರೀಚಾರ್ಜ್ ಮಾಡಿಸಿ.

*ರೀಸೆಟ್ ಮಾಡುವಾಗ*

ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಜಾಗದ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ. ಅದು ಕಾಣದಿದ್ದರೆ ಆಪಲ್ ಚಿಪ್‌ನ ಮ್ಯಾಕ್ ಆಫ್ ಮಾಡಿ, ಆಯ್ಕೆಗಳು ಬರುವವರೆಗೆ ಪವರ್ ಗುಂಡಿ ಹಿಡಿದು, Options ಒತ್ತಿ, `Forgot all passwords?` ಆರಿಸಿ.

ಇಂಟರ್ನೆಟ್ ಜೋಡಿಸಿ. ಕಚೇರಿಯ ವೈಫೈ ಲಾಗಿನ್ ಪುಟ ಕೇಳಿ ನಿಂತರೆ ಫೋನಿನ ಹಾಟ್‌ಸ್ಪಾಟ್ ಕೊಡಿ.

ಆಪಲ್ ಖಾತೆ ಇಲ್ಲವೇ ರಿಕವರಿ ಕೀ ಕೊಟ್ಟು ಹೊಸ ಪಾಸ್‌ವರ್ಡ್ ಹಾಕಿ.

ಹಾಕಿದ ಕೂಡಲೇ ಹೊಸ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮುಚ್ಚಿದ ಲಕೋಟೆಯಲ್ಲಿ ಬೀಗದ ಡ್ರಾಯರಿನಲ್ಲಿಡಿ.

*ಒಳಗೆ ಹೋದ ಮೇಲೆ*

ಮ್ಯಾಕ್‌ಓಎಸ್ ಹಳೆಯ ಪೆಟ್ಟಿಗೆಯನ್ನು ಅಳಿಸುವುದಿಲ್ಲ. ಹೆಸರು ಬದಲಿಸಿ ಬದಿಗಿಟ್ಟು, ಹೊಸ ಖಾಲಿ ಪೆಟ್ಟಿಗೆ ಮಾಡಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಇದನ್ನು ಟೈಪಿಸಿ ನೋಡಿ:

```
ls ~/Library/Keychains
```

`login_renamed_1.keychain-db` ಎಂಬ ಫೈಲ್ ಕಂಡರೆ ಅದೇ ನಿಮ್ಮ ಹಳೆಯ ಪೆಟ್ಟಿಗೆ, ಅದರಲ್ಲಿದ್ದ ಪಾಸ್‌ವರ್ಡ್‌ಗಳು ಇನ್ನೂ ಅದರೊಳಗಿವೆ.

ಬೇರೆ ಏನನ್ನೂ ಮಾಡುವ ಮುಂಚೆ ಆ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ.

ಹಳೆಯ ಆವೃತ್ತಿಯ ಮ್ಯಾಕ್ ಆಗಿದ್ದರೆ ಲಾಗಿನ್ ಆದೊಡನೆ ಮೂರು ಬಟನ್‌ಗಳ ಕಿಟಕಿ ಬರುತ್ತದೆ. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ `Update Keychain Password` ಒತ್ತಿ. ಗೊತ್ತಿಲ್ಲದಿದ್ದರೆ `Continue Log In` ಒತ್ತಿ, ಅಲ್ಲಿಗೇ ನಿಲ್ಲಿ.

ಐಕ್ಲೌಡ್ ಕೀಚೈನ್ ಮುಂಚೆಯೇ ಆನ್ ಇದ್ದರೆ ಆಪಲ್ ಖಾತೆಗೆ ಮತ್ತೆ ಸೈನ್ ಇನ್ ಆಗಿ, ನಿಮ್ಮ ಐಫೋನಿನ ಪಾಸ್‌ಕೋಡ್ ಕೇಳಿದಾಗ ಕೊಡಿ. ಸಫಾರಿಯ ಪಾಸ್‌ವರ್ಡ್‌ಗಳು ಮರಳುತ್ತವೆ. ಲಾಗಿನ್ ಕೀಚೈನ್‌ನಲ್ಲಿ ಬರೆದಿಟ್ಟ ಗುಪ್ತ ಟಿಪ್ಪಣಿಗಳು, ಸಹಿ ಪ್ರಮಾಣಪತ್ರಗಳ ಖಾಸಗಿ ಕೀಗಳು ಮರಳುವುದಿಲ್ಲ. ಅವು ಹಳೆಯ ಪೆಟ್ಟಿಗೆಯಲ್ಲಿ ಮಾತ್ರ ಇವೆ.

ಹಳೆಯ ಪಾಸ್‌ವರ್ಡ್ ಮುಂದೆ ಯಾವತ್ತಾದರೂ ನೆನಪಾದರೆ Keychain Access ತೆರೆಯಿರಿ. ಸೆಕೋಯಾ ಆವೃತ್ತಿಯಿಂದ ಅದು ಯುಟಿಲಿಟೀಸ್ ಫೋಲ್ಡರಿನಲ್ಲಿಲ್ಲ, ಸ್ಪಾಟ್‌ಲೈಟ್‌ನಲ್ಲಿ ಹೆಸರು ಟೈಪಿಸಿ. File ಮೆನುವಿನಲ್ಲಿ Add Keychain ಒತ್ತಿ, ಬದಿಗಿಟ್ಟ ಫೈಲನ್ನು ಆರಿಸಿ, ಹಳೆಯ ಪಾಸ್‌ವರ್ಡ್ ಕೊಟ್ಟು ಬೀಗ ತೆಗೆಯಿರಿ. ಬೇಕಾದವನ್ನು ಹೊಸ login ಪೆಟ್ಟಿಗೆಗೆ ಎಳೆದು ಹಾಕಿ.

*ಹಳೆಯದಕ್ಕೂ ಹಳೆಯದು ನೆನಪಿದ್ದರೆ*

ಇದನ್ನು ನಿಂತು ಓದಿ. ಕಳೆದುಹೋಯಿತು ಎಂದುಕೊಂಡ ಎಷ್ಟೋ ಪೆಟ್ಟಿಗೆಗಳು ಈ ದಾರಿಯಲ್ಲಿ ತೆರೆದಿವೆ.

ಎಸ್ಟೇಟಿನ ಒಂದು ಪ್ಯಾಕಿಂಗ್ ಘಟಕದ ಲೆಕ್ಕಪತ್ರದವರು ಶುಕ್ರವಾರ ಸಂಜೆ ಪಾಸ್‌ವರ್ಡ್ ಬದಲಿಸಿದರು. ಹಳೆಯದನ್ನು ಟೈಪಿಸಿಯೇ ಬದಲಿಸಿದ್ದರಿಂದ ಪೆಟ್ಟಿಗೆಯ ಬೀಗವೂ ಶುಕ್ರವಾರದ ಪಾಸ್‌ವರ್ಡಿಗೆ ಹೋಯಿತು. ಸೋಮವಾರ ಬೆಳಿಗ್ಗೆ ಅದು ಮರೆತಿತ್ತು. ಅದೇ ಮ್ಯಾಕ್‌ನ ಇನ್ನೊಂದು ಅಡ್ಮಿನ್ ಖಾತೆಯಿಂದ ರೀಸೆಟ್ ಆಯಿತು. ಮೇಲ್ ಪಾಸ್‌ವರ್ಡ್ ಕೇಳತೊಡಗಿತು. ಗುರುವಾರದವರೆಗೆ ಬಳಸಿದ ಪಾಸ್‌ವರ್ಡ್ ಅವರಿಗೆ ಬಾಯಿಪಾಠ ಇತ್ತು. ಅದನ್ನು `login_renamed_1.keychain-db` ಫೈಲಿಗೆ ಕೊಟ್ಟು ನೋಡಿದರು, ತೆರೆಯಲಿಲ್ಲ. ತೆರೆಯುವುದೂ ಇಲ್ಲ, ಏಕೆಂದರೆ ಆ ಫೈಲಿಗೆ ಬೇಕಾದ್ದು ಶುಕ್ರವಾರದ್ದು.

ಆದರೆ ಮೇಜಿನ ಮೇಲೆ ಟೈಮ್ ಮಷೀನ್ ಡಿಸ್ಕ್ ಇತ್ತು. ಅದರಲ್ಲಿದ್ದ ಗುರುವಾರದ ಪ್ರತಿಯಲ್ಲಿ ಗುರುವಾರದ `login.keychain-db` ಇತ್ತು. ಆ ಪ್ರತಿಗೆ ಶುಕ್ರವಾರ ನಡೆದದ್ದು ಗೊತ್ತೇ ಇಲ್ಲ, ಅದರ ಬೀಗ ಇನ್ನೂ ಗುರುವಾರದ ಪಾಸ್‌ವರ್ಡಿನದೇ. ಅದನ್ನು ಡೆಸ್ಕ್‌ಟಾಪಿಗೆ ತೆಗೆದು, ಹೆಸರು ಬದಲಿಸಿ, Keychain Access ನಲ್ಲಿ ಸೇರಿಸಿ, ಬಾಯಿಪಾಠ ಇದ್ದ ಪಾಸ್‌ವರ್ಡ್ ಕೊಟ್ಟರು. ತೆರೆಯಿತು. ಗುರುವಾರದ ಆ ಪ್ರತಿಯ ನಂತರ ಪೆಟ್ಟಿಗೆಗೆ ಸೇರಿದ್ದು ಮಾತ್ರ ಹೋಯಿತು.

ಟೈಮ್ ಮಷೀನ್ ಕಳೆದ ಒಂದು ತಿಂಗಳಿಗೆ ದಿನಕ್ಕೊಂದು ಪ್ರತಿ ಇಟ್ಟಿರುತ್ತದೆ. ಪಾಸ್‌ವರ್ಡ್ ಬದಲಿಸಿದ ದಿನ ನೆನಪಿಸಿಕೊಳ್ಳಿ, ಅದರ ಹಿಂದಿನ ದಿನದ ಪ್ರತಿ ಹುಡುಕಿ.

ಮಾಡಬಾರದ್ದು

ಬೆರಳಚ್ಚಿಗೆ ತೆರೆಯುತ್ತಿರುವ ಮ್ಯಾಕ್‌ಗೆ ರೀಸ್ಟಾರ್ಟ್ ಬೇಡ.

ಅಪ್‌ಡೇಟ್ ಹಾಕುವುದು ಬೇಡ. ಅದು ತಾನೇ ರೀಸ್ಟಾರ್ಟ್ ಮಾಡುತ್ತದೆ.

ಊಹೆಯ ಪಾಸ್‌ವರ್ಡ್‌ಗಳನ್ನು ಸಾಲಾಗಿ ಒತ್ತುವುದು ಬೇಡ. ತಪ್ಪಿದಷ್ಟೂ ಕಾಯಿಸುವ ಹೊತ್ತು ಹೆಚ್ಚುತ್ತದೆ.

ರಿಕವರಿ ಪರದೆಯಲ್ಲಿ Erase Mac ಒತ್ತಲೇಬಾರದು. ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ಅಳಿಸುವುದೆಂದರೆ ಡಿಸ್ಕಿನ ಗೂಢಲಿಪಿಯ ಕೀಯನ್ನೇ ನಾಶ ಮಾಡುವುದು. ಆಮೇಲೆ ಮಡಗಾಂವ್‌ನ ಅಂಗಡಿಯಲ್ಲೂ ಬೆಂಗಳೂರಿನ ಲ್ಯಾಬಿನಲ್ಲೂ ಏನೂ ಸಿಗುವುದಿಲ್ಲ.

ಅಡ್ಮಿನ್ ಖಾತೆಯವರು "ಒಂದು ನಿಮಿಷದಲ್ಲಿ ರೀಸೆಟ್ ಮಾಡಿಕೊಡ್ತೀನಿ" ಎಂದೊಡನೆ ಒಪ್ಪುವುದು ಬೇಡ. ಒಂದೇ ನಿಮಿಷದಲ್ಲಿ ಆಗುವುದು ನಿಜ. ಪೆಟ್ಟಿಗೆಗೆ ಬೀಗ ಬೀಳುವುದೂ ಅದೇ ನಿಮಿಷದಲ್ಲಿ.

ರೀಸೆಟ್ ಆದ ಮೇಲೆ ಕ್ರೋಮ್ ತೆರೆಯುವುದು ಬೇಡ. ಮೊದಲು ಹಳೆಯ ಪೆಟ್ಟಿಗೆಯ ವಿಷಯ ಮುಗಿಯಲಿ. ಕ್ರೋಮ್ ತನ್ನ ಪಾಸ್‌ವರ್ಡ್‌ಗಳನ್ನು ಬೇರೆ ಫೈಲಿನಲ್ಲಿಟ್ಟರೂ ಅದನ್ನು ಬಿಚ್ಚುವ ಕೀಯನ್ನು ಕೀಚೈನ್‌ನಲ್ಲಿ `Chrome Safe Storage` ಎಂಬ ಹೆಸರಲ್ಲಿ ಇಡುತ್ತದೆ. ಖಾಲಿ ಪೆಟ್ಟಿಗೆಯಲ್ಲಿ ಅದು ಸಿಗದಿದ್ದರೆ ಹೊಸ ಕೀ ಮಾಡಿಕೊಳ್ಳುತ್ತದೆ, ಹಳೆಯ ಪಾಸ್‌ವರ್ಡ್‌ಗಳನ್ನು ಆ ಹೊಸ ಕೀ ಬಿಚ್ಚಲಾರದು. ಗೂಗಲ್ ಖಾತೆಗೆ ಸಿಂಕ್ ಆಗಿದ್ದವರಿಗೆ ಮಾತ್ರ ಅವು ಮರಳುತ್ತವೆ. ಆ ಲೆಕ್ಕಪತ್ರದವರು ಕ್ರೋಮ್ ಮುಟ್ಟದೆ ಕಾದಿದ್ದರು. ಗುರುವಾರದ ಪೆಟ್ಟಿಗೆಯಿಂದ ಈ ಒಂದು ಸಾಲನ್ನು ಎಳೆದು ಹಾಕಿದ ಮೇಲೆ ಕ್ರೋಮ್ ತೆರೆದರು. ಶುಕ್ರವಾರ ಬದಲಾದದ್ದು ಪೆಟ್ಟಿಗೆಯ ಬೀಗ, ಒಳಗಿನ ಈ ಕೀ ಅಲ್ಲ. ಹಾಗಾಗಿ ಕ್ರೋಮ್‌ನ ಪಾಸ್‌ವರ್ಡ್‌ಗಳು ಅಷ್ಟೂ ಬಂದವು.

ನೀವು ಆಗಲೇ ಕ್ರೋಮ್ ತೆರೆದಿದ್ದರೆ ಅದರಲ್ಲಿ ಹೊಸ ಪಾಸ್‌ವರ್ಡ್ ಉಳಿಸುವುದು ಬೇಡ. ಮುಚ್ಚಿ, ಐಟಿಯವರಿಗೆ ಈ ಸಾಲನ್ನು ತೋರಿಸಿ.

Keychains ಫೋಲ್ಡರಿನ ಯಾವ ಫೈಲನ್ನೂ ಡಿಲೀಟ್ ಮಾಡಬಾರದು. ಪದೇ ಪದೇ ಬರುವ "login keychain" ಕಿಟಕಿಯ ಕಾಟ ತಪ್ಪಿಸಲು ಇದನ್ನೇ ಪರಿಹಾರವೆಂದು ಹೇಳುವವರಿದ್ದಾರೆ. ಕಾಟ ತಪ್ಪುತ್ತದೆ, ಪಾಸ್‌ವರ್ಡ್‌ಗಳೂ ತಪ್ಪಿಹೋಗುತ್ತವೆ.

Keychain Access ನ ಸೆಟ್ಟಿಂಗ್ಸ್‌ನಲ್ಲಿರುವ `Reset Default Keychains` ಒತ್ತಬಾರದು.

ಐಕ್ಲೌಡ್ "ಎನ್‌ಕ್ರಿಪ್ಟ್ ಆದ ಡೇಟಾ ರೀಸೆಟ್ ಮಾಡಲೇ" ಎಂದು ಕೇಳಿದರೆ ಒಪ್ಪುವುದು ಬೇಡ. ಐಫೋನಿನ ಪಾಸ್‌ಕೋಡ್ ಗೊತ್ತಿರುವವರೆಗೂ ಅದರ ಅಗತ್ಯವಿಲ್ಲ.

ಮ್ಯಾಕ್ ಸರಿಹೋಗುವವರೆಗೆ ಐಫೋನಿನಲ್ಲಿ ಆಪಲ್ ಖಾತೆಯಿಂದ ಸೈನ್ ಔಟ್ ಬೇಡ.

ಟೈಮ್ ಮಷೀನ್ ಡಿಸ್ಕನ್ನು ಬೇರೆ ಕೆಲಸಕ್ಕೆ ಫಾರ್ಮ್ಯಾಟ್ ಮಾಡಬಾರದು.

ವೈಫೈ ಹಾಗೇ ಜೋಡಣೆಯಾಯಿತೆಂದು ಕೀಚೈನ್ ಸರಿ ಇದೆ ಎಂದುಕೊಳ್ಳುವುದು ಬೇಡ. ವೈಫೈ ಪಾಸ್‌ವರ್ಡ್ ಇರುವುದು ಸಿಸ್ಟಮ್ ಕೀಚೈನ್‌ನಲ್ಲಿ. ರೀಸೆಟ್ ಅದನ್ನು ಮುಟ್ಟುವುದಿಲ್ಲ.

ಹಳೆಯ ಪೆಟ್ಟಿಗೆ ತೆರೆಯಲಿಲ್ಲ, ಬ್ಯಾಕಪ್ಪೂ ಇಲ್ಲ ಎಂದಾದರೆ ಕೀಚೈನ್ ಬೀಗ ಮುರಿದುಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವುದು ಬೇಡ. ಅವರು ಮಾಡುವುದು ಊಹೆಯೊಂದನ್ನೇ. ಬ್ಯಾಂಕು, ಜಿಎಸ್‌ಟಿ, ಮೇಲ್ ತಾಣಗಳಿಗೆ ಹೋಗಿ, ಅಲ್ಲಲ್ಲಿಯ ಪಾಸ್‌ವರ್ಡನ್ನು ಅಲ್ಲಲ್ಲೇ ಬದಲಿಸಿಕೊಳ್ಳಿ. ಮೇಲ್‌ನಿಂದ ಶುರು ಮಾಡಿ. ಉಳಿದವುಗಳ ರೀಸೆಟ್ ಕೊಂಡಿ ಬರುವುದು ಅಲ್ಲಿಗೇ.