ವಾದಪ್ರಬಂಧದ ಪ್ರತಿಜ್ಞಾವಾಕ್ಯ

ಕಳೆದ ವರ್ಷ ಕನ್ನಡ ವಿಭಾಗದ ಗುರುಗಳು ನಮ್ಮ ತರಗತಿಯವರಿಗೆ ಒಂದು ವಾದಪ್ರಬಂಧ ಬರೆದು ತರಲು ಹೇಳಿದ್ದರು. ವಿಷಯದ ಆಯ್ಕೆ ನಮಗೇ ಬಿಟ್ಟದ್ದು. ನಾನು ಉಗಾರ ಖುರ್ದದವನು. ನಮ್ಮ ನಾಲ್ಕು ಎಕರೆಯಲ್ಲಿ ತಗ್ಗಿನ ಒಂದೂವರೆ ಎಕರೆ ಸವಳು ಹಿಡಿದಿದೆ. ಅಲ್ಲಿ ಕಬ್ಬು ಮೊಣಕಾಲೆತ್ತರ ಬಂದು ಹಳದಿಯಾಗಿ ನಿಂತುಬಿಡುತ್ತದೆ. ವಿಷಯಕ್ಕಾಗಿ ನಾನು ದೂರ ಹೋಗಬೇಕಾಗಿರಲಿಲ್ಲ. ಎಂಟು ಪುಟ ಬರೆದು ಒಪ್ಪಿಸಿದೆ. ಅದರ ಮೊದಲ ವಾಕ್ಯ ಹೀಗಿತ್ತು: “ಈ ಪ್ರಬಂಧದಲ್ಲಿ ನಾನು ಉಗಾರ ಪರಿಸರದ ಕಬ್ಬಿನ ಬೇಸಾಯ ಮತ್ತು ಸವಳು ಭೂಮಿಯ ಸಮಸ್ಯೆಯನ್ನು ಕುರಿತು ವಿವೇಚಿಸಲಿದ್ದೇನೆ.”

ಪ್ರಬಂಧ ಮರಳಿ ಬಂದಾಗ ಆ ವಾಕ್ಯದ ಕೆಳಗೆ ಕೆಂಪು ಮಸಿಯಲ್ಲಿ ಒಂದೇ ಪ್ರಶ್ನೆ ಇತ್ತು: “ಇದನ್ನು ಅಲ್ಲವೆನ್ನುವವರು ಯಾರು?” ಉಳಿದ ಏಳೂವರೆ ಪುಟಗಳಿಗೆ ಗುರುತು ಕೂಡ ಹಾಕಿರಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ತಿಳಿಯಿತು, ನಾನು ಬರೆದದ್ದನ್ನು ಅಲ್ಲವೆನ್ನಲು ಲೋಕದಲ್ಲಿ ಯಾರಿಗೂ ಸಾಧ್ಯವಿಲ್ಲ. ನಾನು ವಿವೇಚಿಸುತ್ತೇನೆಂದರೆ ಓದುಗರು “ಆಗಲಿ, ವಿವೇಚಿಸಪ್ಪಾ” ಎನ್ನಬಹುದು, ಅಷ್ಟೆ. ಆ ವಾಕ್ಯದ ಕ್ರಿಯಾಪದ ನನ್ನನ್ನು ಕುರಿತದ್ದು, ಸವಳನ್ನು ಕುರಿತದ್ದಲ್ಲ. “ಈ ಪ್ರಬಂಧದಲ್ಲಿ ನಾನು” ಎಂಬುದನ್ನೂ ಕೊನೆಯ “ವಿವೇಚಿಸಲಿದ್ದೇನೆ” ಎಂಬುದನ್ನೂ ಅಳಿಸಿದರೆ ಉಳಿಯುವುದು ಒಂದು ತಲೆಬರಹ ಮಾತ್ರ. ಕನ್ನಡದಲ್ಲಿ ‘ಕುರಿತು’, ‘ಬಗ್ಗೆ’ ಎಂಬ ಮಾತುಗಳು ಮೊದಲ ವಾಕ್ಯದಲ್ಲಿ ಕಂಡೊಡನೆ ಈ ಅಳಿಸುವ ಪರೀಕ್ಷೆ ಮಾಡಿ ನೋಡುವುದು ಲೇಸು.

ನಮ್ಮ ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನ್ಯಾಯಶಾಸ್ತ್ರದಲ್ಲಿ ಮತ್ತೊಬ್ಬರಿಗೆ ಮನಗಾಣಿಸುವ ವಾದಕ್ಕೆ ಐದು ಅವಯವಗಳುಂಟು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಅದರ ಹೆಸರಾದ ದೃಷ್ಟಾಂತದಲ್ಲಿ “ಬೆಟ್ಟದಲ್ಲಿ ಬೆಂಕಿಯಿದೆ” ಎಂಬುದು ಪ್ರತಿಜ್ಞೆ, “ಹೊಗೆಯಿರುವುದರಿಂದ” ಎಂಬುದು ಹೇತು. ಯಾವ ನೈಯಾಯಿಕನೂ “ಬೆಟ್ಟ ಮತ್ತು ಬೆಂಕಿಯನ್ನು ಕುರಿತು ವಿವೇಚಿಸುತ್ತೇನೆ” ಎಂದು ಮೊದಲಿಡಲಿಲ್ಲ! ಎಲ್ಲರೂ ಮೊದಲೇ ಒಪ್ಪಿದ್ದನ್ನು ಸಾಧಿಸಹೊರಡುವುದನ್ನು ಅವರು ‘ಸಿದ್ಧಸಾಧನ’ ಎಂಬ ದೋಷವೆಂದು ಎಣಿಸಿದರು. ಬೆಂಕಿ ಕಣ್ಣೆದುರಿಗೇ ಉರಿಯುತ್ತಿದ್ದರೆ ಹೊಗೆಯನ್ನು ತೋರಿಸಿ ವಾದಿಸುವುದೇಕೆ?

ಈ ದೋಷಕ್ಕೇ ನನ್ನ ಎರಡನೆಯ ಪ್ರಯತ್ನ ತುತ್ತಾಯಿತು. “ಸವಳು ನಮ್ಮ ರೈತರಿಗೆ ದೊಡ್ಡ ಹಾನಿಯನ್ನು ಮಾಡುತ್ತಿದೆ” ಎಂದು ಬರೆದೆ. ಇದು ಪೂರ್ಣ ವಾಕ್ಯವೇನೋ ಹೌದು. ಆದರೆ ಇಲ್ಲವೆನ್ನುವ ರೈತ ಉಗಾರದಲ್ಲೂ ಇಲ್ಲ, ಕೃಷ್ಣೆಯ ಆಚೆ ಕುಡಚಿಯಲ್ಲೂ ಇಲ್ಲ. ಮೂರನೆಯ ಸಲ “ಕರಿಮಣ್ಣಿಗೆ ಅತಿಯಾಗಿ ನೀರು ಹಾಯಿಸಿದರೆ ಉಪ್ಪು ಮೇಲೇರುತ್ತದೆ” ಎಂದು ಬರೆದೆ. ಇದು ನಿಜ: ನೆಲದೊಳಗಿನ ನೀರು ಮೇಲೆ ಬಂದು, ಬಿಸಿಲಿಗೆ ಆರಿಹೋಗಿ, ಉಪ್ಪನ್ನು ಬಿಳಿ ಹೊದಿಕೆಯಂತೆ ಬಿಟ್ಟುಹೋಗುತ್ತದೆ. ಆದರೆ ಇದರಲ್ಲಿ ಸಂಶಯ ಬಂದವರು ಮಣ್ಣನ್ನು ಪರೀಕ್ಷೆಗೆ ಕಳಿಸಿದರೆ ಸಾಕು, ಪ್ರಬಂಧ ಬೇಕಿಲ್ಲ. ಅಳೆದು ತೀರಿಸಬಹುದಾದ ಸಂಗತಿ ವಾದಕ್ಕೆ ಆಧಾರವಾಗಬಹುದು, ಪ್ರತಿಜ್ಞೆಯಾಗಲಾರದು.

ನಾಲ್ಕನೆಯ ಸಲ ಧೈರ್ಯ ಹೆಚ್ಚಾಯಿತು. “ನಮ್ಮ ಭಾಗದವರು ಕಬ್ಬನ್ನೇ ಬಿಡಬೇಕು” ಎಂದೆ. ಅಲ್ಲವೆನ್ನುವವರು ಈಗ ಬೇಕಾದಷ್ಟು ಜನ. ಊರೇ ಎದ್ದು ಬಂದೀತು. ಆದರೂ ಈ ವಾಕ್ಯ ನಿಲ್ಲಲಿಲ್ಲ. ನಮ್ಮ ಹೊಲಕ್ಕೆ ಹತ್ತಿದ ದಿಬ್ಬದ ಮೇಲೆ ಕಾಕಾ ಅವರ ಹೊಲವಿದೆ. ಅಲ್ಲಿ ನನಗೆ ತಿಳಿವಳಿಕೆ ಬಂದಾಗಿನಿಂದ ಕಬ್ಬೇ ಬೆಳೆಯುತ್ತಿದೆ, ಸವಳಿನ ಸುಳಿವಿಲ್ಲ. ‘ಎಲ್ಲರೂ’, ‘ಎಂದೂ’ ಎನ್ನುವ ಪ್ರತಿಜ್ಞೆಯನ್ನು ಕೆಡವಲು ಅಂಥ ಒಂದೇ ಹೊಲ ಸಾಕು. ವಿವಾದಕ್ಕೆ ಎಡೆಯಿದ್ದರಷ್ಟೇ ಸಾಲದು, ನಮ್ಮ ಕೈಯಲ್ಲಿರುವ ಆಧಾರ ಹೊರಬಲ್ಲಷ್ಟೇ ಅದರ ಭಾರವಿರಬೇಕು. ಆದ್ದರಿಂದ ಹೀಗೆ ಕಿರಿದು ಮಾಡಿದೆ: “ಉಗಾರದ ತಗ್ಗಿನ ಕರಿಹೊಲಗಳ ಸವಳು ಹೋಗಬೇಕಾದರೆ ರೈತರು ಕಬ್ಬಿಗೆ ನೀರು ಹಾಯಿಸುವುದನ್ನು ಕಡಿಮೆ ಮಾಡಬೇಕು, ಏಕೆಂದರೆ ಸವಳಿಗೆ ಮೂಲ ಹೆಚ್ಚಾದ ನೀರೇ.” ಎಲ್ಲಿಯ ಹೊಲ, ಯಾರು ಏನು ಮಾಡಬೇಕು, ಏಕೆ, ಎಲ್ಲವೂ ಬಂದಿತ್ತು. ಗೆದ್ದೆನೆಂದುಕೊಂಡೆ.

ಶನಿವಾರ ಊರಿಗೆ ಹೋದಾಗ ಅಪ್ಪನಿಗೆ ಓದಿ ತೋರಿಸಿದೆ. ಆ ವಾಕ್ಯ ಅವರ ಮೇಲಿನ ಆರೋಪವೇ ಆಗಿತ್ತು. ಆ ಹೊಲಕ್ಕೆ ನೀರು ಹಾಯಿಸಿದವರು ಅವರೇ. ಓದುವಾಗ ನನ್ನ ದನಿ ಕುಗ್ಗಿತು. ಅಪ್ಪ ಸಿಟ್ಟಾಗಲಿಲ್ಲ. “ನೀರ ಕಡಿಮಿ ಮಾಡಿದ್ರ ಇದ್ದ ಉಪ್ಪ ಎಲ್ಲಿ ಹೋಗತೈತಿ? ಅದಕ್ಕೇನ ರೆಕ್ಕಿ ಅದಾವ? ಉಪ್ಪ ತೊಳಿಯಾಕೂ ನೀರ ಬೇಕಲ್ಲೋ ತಮ್ಮಾ” ಎಂದರು.

ಇದು ಬರಿಯ ಹಟದ ಮಾತಲ್ಲ. ಮಣ್ಣಿನ ಉಪ್ಪನ್ನು ಕೆಳಗಿಳಿಸಲು ಸಿಹಿನೀರು ಬೇಕೇ ಬೇಕು. ಇಳಿದ ನೀರು ಹೊರಗೆ ಹೋಗಲು ದಾರಿಯೂ ಬೇಕು. ಆ ದಾರಿಯಿಲ್ಲದಿದ್ದರೆ ಉಪ್ಪು ಅಲ್ಲೇ ಏರಿಳಿಯುತ್ತಿರುತ್ತದೆ. ಪಕ್ಕದ ಉಗಾರ ಬುದ್ರುಕದಲ್ಲಿ ನೆಲದೊಳಗೆ ತೂತಿನ ಕೊಳವೆಗಳನ್ನು ಹೂತು ನೀರು ಬಸಿಯುವಂತೆ ಮಾಡಿದ್ದಾರೆ. ಇಂಥ ಕೊಳವೆಗಳು ಸುಮಾರು ಒಂದು ಮೀಟರು ಆಳದಲ್ಲಿ ಇಳಿಜಾರಾಗಿ ಹೋಗಿ, ಒಂದು ದೊಡ್ಡ ಕೊಳವೆಯನ್ನು ಕೂಡಿ, ಹಳ್ಳಕ್ಕೆ ಬಾಯಿ ತೆರೆಯುತ್ತವೆ. ನಮ್ಮ ಒಂದೂವರೆ ಎಕರೆಗೆ ಅಂಥ ಕೊಳವೆ ಹಾಕಬೇಕಾದರೆ ಅದು ಹಳ್ಳ ಮುಟ್ಟುವ ಮುನ್ನ ಇನ್ನೊಬ್ಬರ ಹೊಲವನ್ನು ದಾಟಲೇಬೇಕು.

ಹೀಗೆ ಅಪ್ಪನ ಪೂರ್ವಪಕ್ಷದಿಂದ ನನ್ನ ಪ್ರತಿಜ್ಞೆಯೇ ಬದಲಾಯಿತು: “ಉಗಾರದ ತಗ್ಗಿನ ಕರಿಹೊಲಗಳ ಸವಳು ಒಬ್ಬೊಬ್ಬ ರೈತ ನೀರು ಕಡಿಮೆ ಮಾಡುವುದರಿಂದ ಹೋಗದು, ದಿಬ್ಬದವರೂ ತಗ್ಗಿನವರೂ ಕೂಡಿ ಖರ್ಚು ಹೊತ್ತು ಬಸಿಗೊಳವೆ ಹಾಕಬೇಕು, ಏಕೆಂದರೆ ದಿಬ್ಬಕ್ಕೆ ಹಾಯಿಸಿದ ನೀರೂ ತಗ್ಗಿಗೇ ಬಂದು ನಿಲ್ಲುತ್ತದೆ, ಅದು ಹೊರಹೋಗುವ ದಾರಿ ಒಬ್ಬನ ಹೊಲದಲ್ಲಿ ಮುಗಿಯುವುದಿಲ್ಲ.”

ಈ ವಾಕ್ಯ ಬಂದ ಮೇಲೆ ಉಳಿದ ಪ್ರಬಂಧಕ್ಕೆ ತಾನಾಗಿ ಕ್ರಮ ಬಂತು. ನೀರು ಕಡಿಮೆ ಮಾಡಿದರೆ ಸಾಕೆಂಬ ಪಕ್ಷಕ್ಕೆ ಮೊದಲು ಉತ್ತರ. ಬಳಿಕ ದಿಬ್ಬದ ನೀರು ತಗ್ಗಿಗೆ ಬರುವ ಬಗೆ. ಕಡೆಗೆ ಖರ್ಚಿನ ಪಾಲು. 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್‌ನ ಇತಿಹಾಸಕ್ಕೆ ನಾನು ಒಂದೂವರೆ ಪುಟ ಕೊಟ್ಟಿದ್ದೆ. ಹಳೆಯ ವಾಕ್ಯದ ಕೆಳಗೆ ಅದೂ ‘ವಿವೇಚನೆ’ಯಾಗಿ ನಡೆಯುತ್ತಿತ್ತು, ಹೊಸ ವಾಕ್ಯದ ಯಾವ ಮಾತಿಗೂ ಅದು ಆಸರೆಯಾಗದ್ದರಿಂದ ತೆಗೆದುಹಾಕಿದೆ. ತೆಗೆಯುವಾಗ ಹೊಟ್ಟೆ ಉರಿಯಿತೆಂಬುದನ್ನು ಮುಚ್ಚಿಡಲಾರೆ.

ಎಲ್ಲ ಬರಹಕ್ಕೂ ಇಂಥ ವಾಕ್ಯ ಬೇಕೆಂದು ನನ್ನ ಹೇಳಿಕೆಯಲ್ಲ. ಲಲಿತ ಪ್ರಬಂಧವನ್ನು ಪ್ರತಿಜ್ಞೆಗೆ ಕಟ್ಟಿಹಾಕಿದರೆ ಅದು ಸತ್ತೇಹೋದೀತು. ವರದಿಯಲ್ಲಿ “ಇಲ್ಲಿ ಇಂಥಿಂಥವುಗಳನ್ನು ಕೊಟ್ಟಿದೆ” ಎಂಬ ಪ್ರಕಟಣೆಯೇ ಓದುಗರಿಗೆ ಅನುಕೂಲ. ವಾದಪ್ರಬಂಧದಲ್ಲಿ ಮಾತ್ರ, ವಾಕ್ಯವನ್ನು ತಿರುಗಿಸಿ ಬರೆದು, ಆ ತಿರುಗಿಸಿದ ವಾಕ್ಯವನ್ನು ಕಾರಣಸಹಿತ ಆಡಬಲ್ಲ ಮನುಷ್ಯನೊಬ್ಬನನ್ನು ಹುಡುಕಬೇಕು. ಊಹೆಯ ಎದುರಾಳಿ ಸಾಲದು. ಅವನನ್ನು ನಾವು ನಮಗೆ ಬೇಕಾದಷ್ಟೇ ದುರ್ಬಲನಾಗಿ ಕಟ್ಟಿಕೊಂಡಿರುತ್ತೇವೆ.

ನನಗೆ ಅಂಥವರು ಬಾಂದಿನ ಆಚೆಯೇ ಇದ್ದರು. ದೀಪಾವಳಿಗೆ ಹೋದಾಗ ಹೊಸ ವಾಕ್ಯವನ್ನು ಕಾಕಾ ಅವರಿಗೆ ಓದಿದೆ. ಅವರು ಎರಡು ಸಲ ಓದಿಸಿದರು. “ನನ್ನ ಹೊಲಾ ನೆಟ್ಟಗ ಐತಿ. ನಿಮ್ಮ ಸವಳಿಗೆ ನಾ ಯಾಕ ರೊಕ್ಕಾ ಕೊಡಲಿ? ನನ್ನ ನೀರs ನಿಮ್ಮ ಹೊಲಕ್ಕ ಬರತೈತಿ ಅನ್ನೂದನ್ನ ಮೊದಲ ತೋರಸು” ಎಂದರು. ನಾನು ಪ್ರಬಂಧಕ್ಕೆ ಇನ್ನೊಂದು ಪುಟ ಸೇರಿಸಿದೆ. ಅವರು ಇನ್ನೂ ಒಪ್ಪಿಲ್ಲ.