ಅಭ್ಯಾಸ ಪಾಠ: ಅಂಗಡಿ ಕಿರ್ದಿಯಿಂದ ನಗದು ಪುಸ್ತಕ

ಸ್ವಸಹಾಯ ಸಂಘದ ಸದಸ್ಯೆಯರು ಸಾಲದ ಅರ್ಜಿಯೊಂದಿಗೆ ತಮ್ಮ ಕಿರಾಣಿ ಅಂಗಡಿಯ ಕಿರ್ದಿಯ ಛಾಯಾಚಿತ್ರವನ್ನು ಸಲ್ಲಿಸುವುದುಂಟು. ಆ ಪುಟದಲ್ಲಿ ನಗದು, ಉದ್ರಿ ಎರಡೂ ಬೆರೆತಿರುತ್ತವೆ. ನಗದು ಪುಸ್ತಕಕ್ಕಾದರೋ ಗಲ್ಲೆಗೆ ಬಂದ ಮತ್ತು ಗಲ್ಲೆಯಿಂದ ಹೋದ ಹಣ ಮಾತ್ರ ಸೇರತಕ್ಕದ್ದು.

ಜಮಖಂಡಿ ತಾಲ್ಲೂಕಿನ ಅಂಗಡಿಯೊಂದರ ಪುಟದಲ್ಲಿ ಹೀಗಿದೆ ಎಂದು ಭಾವಿಸಬಹುದು: ಆರಂಭಿಕ ಶಿಲ್ಕು 1,250, ನಗದು ಮಾರಾಟ 2,340, ಸಕ್ಕರೆ ಉದ್ರಿ 170, ಹಳೆ ಉದ್ರಿ ವಸೂಲಿ 400, ಬೆಲ್ಲ ಖರೀದಿ (ನಗದು) 1,600, ಗಾಡಿ ಬಾಡಿಗೆ 150, ಪುಟದ ಕೊನೆಯಲ್ಲಿ ಗಲ್ಲೆ ಎಣಿಕೆ 2,240.

ಸಕ್ಕರೆಯ 170 ರೂಪಾಯಿ ಇನ್ನೂ ಕೈಸೇರಿಲ್ಲ. ಅದನ್ನು ಉದ್ರಿ ಖಾತೆಗೆ ಬರೆಯಬೇಕು. ವಸೂಲಾದ 400 ರೂಪಾಯಿ ಇಂದಿನ ಮಾರಾಟವಲ್ಲದಿದ್ದರೂ ನಗದು ಜಮೆಯೇ ಆಗಿದೆ.

ಜಮಾ: 1,250 + 2,340 + 400 = 3,990
ಖರ್ಚು: 1,600 + 150 = 1,750
ಅಂತಿಮ ಶಿಲ್ಕು: 2,240

ಲೆಕ್ಕವು ಎಣಿಕೆಗೆ ಸರಿಹೊಂದಿತು. ಶಿಲ್ಕು 2,410 ಬಂದಿದ್ದರೆ ವ್ಯತ್ಯಾಸ 170. ಅಂದರೆ ಉದ್ರಿಯು ಜಮೆಯಲ್ಲಿ ಸೇರಿದೆ. 1,640 ಬಂದಿದ್ದರೆ ವ್ಯತ್ಯಾಸ 600. ನೂರರ ಸ್ಥಾನದ ಒಂದೇ ಅಂಕಿ ತಪ್ಪಿದೆ. ತಲೆ ಬಾಗಿದ 1 ಅನ್ನು 7 ಎಂದು ಓದಿದ್ದರಿಂದ 150 ಎಂಬುದು 750 ಆಗಿರುತ್ತದೆ. ಹಾಗೆಯೇ “/-” ಗುರುತಿನ ಓರೆಗೆರೆಯನ್ನು 1 ಎಂದು ಓದಿದರೆ 150 ಎಂಬುದು 1,501 ಆಗುತ್ತದೆ.

ಅಸ್ಪಷ್ಟ ಅಂಕಿಯನ್ನು ಶಿಲ್ಕು ಹೊಂದುವಂತೆ ಊಹಿಸಿ ತುಂಬಬಾರದು. ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಂಗಡಿಯವರನ್ನೇ ಕೇಳತಕ್ಕದ್ದು. ಊಹೆಯಿಂದ ಹೊಂದಿಸಿದ ಲೆಕ್ಕದಲ್ಲಿ ಬರೆಯದೆ ಬಿಟ್ಟ ಖರ್ಚು ಅಡಗಿಹೋಗುತ್ತದೆ. ಅಂತಹ ಲೆಕ್ಕದ ಮೇಲೆ ಪಡೆದ ಸಾಲದ ಕಂತನ್ನು ಆ ಸದಸ್ಯೆಯೇ ತೀರಿಸಬೇಕಾಗುತ್ತದೆ.